ಸಾಲನ್ನಲ್ಲ ಮಾರಾಯರೇ, ಪದವನ್ನು ತಡೆಯಿರಿ

ಮಂಗಳೂರಿನಿಂದ ಎಲ್ಲರಿಗೂ ನಮಸ್ಕಾರ. ಕಳೆದ ವಿಡಿಯೊದ ಕೆಳಗೆ ಒಬ್ಬ ಮಹನೀಯರು ಬರೆದಿದ್ದಾರೆ: ‘ಉಡುಪಿಯಲ್ಲಿ ನಮ್ಮ ಲಾಡ್ಜ್ ಇದೆ. ಪ್ರತಿ ಸೋಮವಾರ ಸರ್ಚ್ ಟರ್ಮ್ಸ್ ವರದಿ ತೆರೆದು ಬೇಡದ ಸಾಲುಗಳಿಗೆ ಟಿಕ್ ಹಾಕಿ ನೆಗೆಟಿವ್ ಮಾಡುತ್ತೇನೆ. ಆದರೂ ಹಣ ಸೋರುತ್ತಿದೆ. ಗೂಗಲ್ ಆ್ಯಡ್ಸ್ ಎಂದರೆ ಮೋಸ.’

ಮೋಸವಲ್ಲ ಸ್ವಾಮಿ, ನಿಮ್ಮ ಟಿಕ್ಕಿನದೇ ತಪ್ಪು. ಸರ್ಚ್ ಟರ್ಮ್ಸ್ ವರದಿ ಎಂದರೆ ಜನ ಏನೆಂದು ಹುಡುಕಿದಾಗ ನಿಮ್ಮ ಜಾಹೀರಾತು ಎದ್ದಿತು ಎಂಬ ಪಟ್ಟಿ, ಒಂದು ಸಾಲಿಗೆ ಒಂದು ಹುಡುಕಾಟ. ನೆಗೆಟಿವ್ ಎಂದರೆ ‘ಇದಕ್ಕೆ ನನ್ನ ಜಾಹೀರಾತು ತೋರಿಸಬೇಡ’ ಎಂದು ಗೂಗಲ್‌ಗೆ ಹೇಳುವುದು.

ಅವರು ಹಣ ಕಟ್ಟುತ್ತಿರುವ ಕೀವರ್ಡ್ `udupi hotel`, ಫ್ರೇಸ್ ಮ್ಯಾಚ್‌ನಲ್ಲಿ, ಅಂದರೆ ಆ ಅರ್ಥ ಒಳಗಿರುವ ಉದ್ದದ ಹುಡುಕಾಟಕ್ಕೂ ಜಾಹೀರಾತು ಏಳುತ್ತದೆ. ಉಡುಪಿ ಹೋಟೆಲ್ ಎಂದರೆ ಜಗತ್ತಿಗೆಲ್ಲ ದೋಸೆ. ಈ ಪುಣ್ಯಾತ್ಮರಿಗೆ ಮಾತ್ರ ಹಾಸಿಗೆ. ಬೆಂಗಳೂರಿನಲ್ಲಿ ಹಸಿದವನು `udupi hotel menu` ಎಂದು ಹುಡುಕುತ್ತಾನೆ, ಜಾಹೀರಾತು ಒತ್ತುತ್ತಾನೆ, ಡಬಲ್ ರೂಮಿನ ಚಿತ್ರ ನೋಡಿ ಓಡಿಹೋಗುತ್ತಾನೆ. ಹಾಗೆಂದು ಬೆಂಗಳೂರನ್ನೇ ಕೈಬಿಡುವಂತಿಲ್ಲ. ಕೃಷ್ಣಮಠಕ್ಕೆ ಬರುವ ಗಿರಾಕಿಯೂ ಅಲ್ಲಿಂದಲೇ ಹುಡುಕುತ್ತಿರುತ್ತಾನೆ.

ಈಗ ಆ ಸಾಲಿಗೆ ಟಿಕ್ ಹಾಕಿದಿರಿ. ನೆಗೆಟಿವ್ ಆಗಿ ಸೇರಿದ್ದು ಏನು? `[udupi hotel menu]`. ಆ ಚೌಕ ಆವರಣವನ್ನು ನೋಡಿದ್ದೀರಾ? ವರದಿಯಿಂದ ನೇರವಾಗಿ ಸೇರಿಸಿದ್ದು ತಾನಾಗಿಯೇ ಎಕ್ಸಾಕ್ಟ್ ಮ್ಯಾಚ್ ಆಗುತ್ತದೆ. ಅದು ತಡೆಯುವುದು ಆ ಮೂರು ಪದಗಳನ್ನು ಅದೇ ಕ್ರಮದಲ್ಲಿ ಬರೆದವನನ್ನು ಮಾತ್ರ. `udupi hotel menu card` ಎಂದವನು ಮರುದಿನ ಆರಾಮವಾಗಿ ಒಳಗೆ ಬರುತ್ತಾನೆ. ಆಟಿಯ ಮಳೆಯಲ್ಲಿ ಒಡೆದ ಹಂಚನ್ನು ಹಾಗೆಯೇ ಬಿಟ್ಟು ಸೋರುವಲ್ಲೆಲ್ಲ ಬಕೆಟ್ ಇಡುವ ಕೆಲಸ ಇದು.

ಆದ್ದರಿಂದ ಸಾಲನ್ನಲ್ಲ, ಪದವನ್ನು ತಡೆಯಿರಿ. `menu` ಎಂಬ ಒಂದೇ ಪದವನ್ನು ಬ್ರಾಡ್ ನೆಗೆಟಿವ್ ಆಗಿ ಹಾಕಿ. ಆ ಪದ ಎಲ್ಲಿ ಬಂದರೂ ಜಾಹೀರಾತು ಏಳುವುದಿಲ್ಲ. `recipe`, `sambar`, `jobs` ಕೂಡ ಹಾಗೆಯೇ. ಒಂದು ಎಚ್ಚರಿಕೆ: ನೆಗೆಟಿವ್‌ಗೆ ಬಹುವಚನ ಗೊತ್ತಿಲ್ಲ. `recipe` ಹಾಕಿದರೆ `recipes` ನುಸುಳುತ್ತದೆ, ಎರಡನ್ನೂ ಹಾಕಬೇಕು. ಕಾಗುಣಿತದ ತಪ್ಪುಗಳನ್ನು 2024ರಿಂದ ಗೂಗಲ್ಲೇ ನೋಡಿಕೊಳ್ಳುತ್ತದೆ, ಅಷ್ಟು ದಯೆ ತೋರಿದೆ.

ಇನ್ನೊಂದು ಕಾರಣ ಕೇಳಿ, ಇದೇ ದೊಡ್ಡದು. 2020ರ ಸೆಪ್ಟೆಂಬರ್‌ನಿಂದ ಕೆಲವೇ ಜನ ಹುಡುಕಿದ್ದನ್ನು ವರದಿ ತೋರಿಸುವುದಿಲ್ಲ. ಆ ಕ್ಲಿಕ್ಕುಗಳ ಹಣ ಮಾತ್ರ ಮೊತ್ತದಲ್ಲಿ ಇರುತ್ತದೆ. ಕಾಣದ ಸಾಲಿಗೆ ಟಿಕ್ ಹಾಕುವುದು ಹೇಗೆ? ಪದವನ್ನು ತಡೆದರೆ ಕಾಣದ ಹುಡುಕಾಟವೂ ನಿಲ್ಲುತ್ತದೆ. ಟಿಕ್ ಹಾಕುವವರು ಇದಕ್ಕೆ ಉತ್ತರ ಕೊಡಲಿ, ಕಾಯುತ್ತೇನೆ.

(ಕಾಯುವಷ್ಟರಲ್ಲಿ ಚಾನೆಲ್ಲಿಗೆ ಚಂದಾದಾರರಾಗಿ. ಕದ್ರಿಯ ನನ್ನ ಭಾನುವಾರದ ತರಗತಿಯಲ್ಲಿ ಇನ್ನೂ ಕುರ್ಚಿಗಳಿವೆ. ಗೋಳಿಬಜೆ ಉಚಿತ, ಜ್ಞಾನಕ್ಕೆ ಶುಲ್ಕವಿದೆ.)

‘ಪದವನ್ನೇ ತಡೆದರೆ ಒಳ್ಳೆಯ ಗಿರಾಕಿಯೂ ಹೋದಾನು’ ಎನ್ನುತ್ತೀರಿ. ಹೋಗುತ್ತಾನೆ, ಕಣ್ಣು ಮುಚ್ಚಿಕೊಂಡು ಹಾಕಿದರೆ. `veg` ಎಂದು ಒಂಟಿ ಪದ ಹಾಕಿದರೆ ‘ಶುದ್ಧ ಸಸ್ಯಾಹಾರಿ ಊಟವಿರುವ ರೂಮ್’ ಹುಡುಕುವ ಯಾತ್ರಿಕರ ಕುಟುಂಬವೂ ಹೊರಗೆ. ಅಲ್ಲಿ `"veg hotel"` ಎಂದು ಫ್ರೇಸ್ ನೆಗೆಟಿವ್ ಹಾಕಿ, ಆ ಎರಡು ಪದ ಅದೇ ಕ್ರಮದಲ್ಲಿ ಒಟ್ಟಿಗೆ ಬಂದರೆ ಮಾತ್ರ ತಡೆ. `near me` ಮುಟ್ಟಲೇಬೇಡಿ, ರಾತ್ರಿ ಬಸ್ಸಿಳಿದು ಬ್ಯಾಗ್ ಹಿಡಿದು ನಿಂತವನು ಬರೆಯುವುದೂ ಅದನ್ನೇ. ಪದ ಸೇರಿಸುವ ಮೊದಲು ವರದಿಯಲ್ಲಿ ಆ ಪದವಿರುವ ಸಾಲುಗಳನ್ನು ಮಾತ್ರ ಸೋಸಿ ನೋಡಿ. ಅವುಗಳಲ್ಲಿ ಒಂದಾದರೂ ರೂಮ್ ಹುಡುಕುವವನದೆಂದು ಕಂಡರೆ ಕೈ ತಡೆಯಿರಿ.

ಹಾಗೆ ಸೋಸುವಾಗಲೇ ಚಿನ್ನವೂ ಸಿಗುತ್ತದೆ. `bus stand` ಎಂದು ಸೋಸಿ. ಸಾಲಿಗೆ ಒಂದೋ ಎರಡೋ ಕ್ಲಿಕ್, ಯಾರೂ ಅತ್ತ ನೋಡುವುದಿಲ್ಲ. ಕೂಡಿಸಿದರೆ ಅದೇ ಒಂದು ಗುಂಪು: `lodge near udupi bus stand`, `room near bus stand udupi`. ಇವರಿಗೆ ಪ್ರತ್ಯೇಕ ಆ್ಯಡ್ ಗ್ರೂಪ್ ಮಾಡಿ. ಜಾಹೀರಾತಿನ ಮೊದಲ ಸಾಲಿನಲ್ಲೇ ಬಸ್ ನಿಲ್ದಾಣದಿಂದ ಎಷ್ಟು ದೂರ ಎಂದು ಬರೆಯಿರಿ, ಒತ್ತಿದರೆ ದಾರಿಯ ನಕ್ಷೆಯಿರುವ ಪುಟ ತೆರೆಯಲಿ. ಬುಟ್ಟಿಗೆ ಹಾಕುವುದಕ್ಕೂ ಬುಟ್ಟಿಯಿಂದ ತೆಗೆಯುವುದಕ್ಕೂ ಸಾಲನ್ನಲ್ಲ, ಪದವನ್ನು ನೋಡಿ ಎಂದು ನಾನು ಬಡಿದುಕೊಳ್ಳುವುದು ಇದಕ್ಕೇ!

ಇನ್ನು ಕೆಲವು ಪಂಡಿತರು: ‘ಯಾವ ಹುಡುಕಾಟಕ್ಕೆ ಎಷ್ಟು ಹಣ ಕೂಗಬೇಕೆಂದು ಗೂಗಲ್ಲೇ ನಿರ್ಧರಿಸುವ ಸ್ಮಾರ್ಟ್ ಬಿಡ್ಡಿಂಗ್ ಎಲ್ಲವನ್ನೂ ಕಲಿತುಕೊಳ್ಳುತ್ತದೆ.’ ಕಲಿಯುವುದು ಯಾವುದರಿಂದ? ನಿಮ್ಮ ಬುಕಿಂಗ್‌ಗಳು ಫೋನಿನಲ್ಲಿ ಬಂದು ಕೌಂಟರಿನ ನೋಟ್ ಪುಸ್ತಕಕ್ಕೆ ಸೇರುತ್ತವೆ. ಆ ಪುಸ್ತಕವನ್ನು ಗೂಗಲ್ ಬಂದು ಓದುತ್ತದೆಯೇ?

ಸಾಲಲ್ಲ, ಪದ. ಯಾಕೆಂದರೆ ನಾನು ಹೇಳುತ್ತಿದ್ದೇನೆ! ಒಪ್ಪದವರು ಕೆಳಗೆ ಜಗಳ ಆಡಿ, ಬರುವ ಸೋಮವಾರವೂ ಟಿಕ್ ಹಾಕಿ. ಆ ಲಾಡ್ಜಿನವರು ಮಾತ್ರ ಇವತ್ತೇ `menu` ಸೇರಿಸಿ ಎರಡು ವಾರ ಬಿಟ್ಟು ನನಗೆ ಬರೆಯಲಿ, ಬೈಯುವುದಾದರೂ ಆಮೇಲೆ ಬೈಯಲಿ.