ಕೊಡಗಿನ ಮನೆಯಿಂದ ಇಂಟರ್ನ್‌ಶಿಪ್: ಮೊದಲ ವಾರ ಏನೇನು ಮಾಡ್ಕೋಬೇಕು

ನಮಸ್ಕಾರ. ಕುಶಾಲನಗರ, ಪೊನ್ನಂಪೇಟೆ ಕಡೆ ಎಂಜಿನಿಯರಿಂಗ್ ಓದ್ತಾ ಇರೋರು, ಮನೆಯಲ್ಲೇ ಕೂತು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗೆ ಇಂಟರ್ನ್ ಆಗಿ ಸೇರೋರು, ಈ ವಿಡಿಯೋ ನಿಮಗೆ. ಮೊದಲ ವಾರ ಹಾಳಾಗೋದು ಕೋಡ್ ಬರದೆ ಅಲ್ಲ. ಒಂದು ಖಾತೆ ತೆರೆಯೋಕೆ ಇನ್ನೊಂದು ಖಾತೆ ಬೇಕು, ಅದಕ್ಕೆ ಯಾರೋ ಒಪ್ಪಿಗೆ ಕೊಡಬೇಕು, ಆ ಯಾರೋ ಯಾರು ಅಂತ ಗೊತ್ತಿರಲ್ಲ. ಹಾಗೆ ಸೋಮವಾರ ಹೋಗಿ ಗುರುವಾರ ಬಂದುಬಿಡುತ್ತೆ.

ಮೊದಲು ಒಂದು ಹಾಳೆ ತಗೊಳ್ಳಿ. ಮೇಲ್ಗಡೆ ಕಂಪನಿ ಇಮೇಲ್ ಬರೀರಿ, ಯಾಕಂದ್ರೆ ಮಿಕ್ಕಿದ್ದೆಲ್ಲ ಅದರ ಮೇಲೇ ನಿಂತಿರುತ್ತೆ. ಅದರ ಕೆಳಗೆ ಚಾಟ್, ವಿಪಿಎನ್, ಗಿಟ್‌ಹಬ್, ಕೆಲಸದ ಪಟ್ಟಿ ಇಡೋ ಜಾಗ. ಪ್ರತಿಯೊಂದರ ಎದುರು ಎರಡು ಹೆಸರು ಬೇಕು: ಖಾತೆ ಮಾಡಿಕೊಡೋದು ಯಾರು, ಅದಕ್ಕೆ ಒಪ್ಪಿಗೆ ಕೊಡೋದು ಯಾರು. ಇವೆರಡೂ ಒಬ್ಬರೇ ಆಗಿರೋದು ಅಪರೂಪ. ಐಟಿ ಹೆಲ್ಪ್‌ಡೆಸ್ಕ್‌ಗೆ ನೀವು ಎಷ್ಟು ಸಲ ನೆನಪಿಸಿದ್ರೂ, ಮ್ಯಾನೇಜರ್ ಒಪ್ಪಿಗೆ ಕೊಡೋವರೆಗೂ ಅವರ ಕೈ ಕಟ್ಟಿರುತ್ತೆ.

ಈಗ ನಮ್ಮೂರಿನ ಸಮಸ್ಯೆಗೆ ಬರೋಣ, ಓಟಿಪಿ. ತೋಟದ ಮನೆಯಲ್ಲಿ ವೈಫೈ ಇರುತ್ತೆ, ಆದರೆ ಮೊಬೈಲ್ ಸಿಗ್ನಲ್ ಬೇಕು ಅಂದ್ರೆ ಗೇಟ್ ತನಕ ನಡೀಬೇಕು. ನೀವು ವಾಪಸ್ ಬರೋಷ್ಟರಲ್ಲಿ ಎಸ್‌ಎಂಎಸ್‌ನಲ್ಲಿ ಬಂದ ಸಂಖ್ಯೆ ಅವಧಿ ಮುಗಿದಿರುತ್ತೆ. ಅದಕ್ಕೇ ಎರಡನೇ ಹಂತದ ಭದ್ರತೆಗೆ ಎಸ್‌ಎಂಎಸ್ ಬದಲು ಅಥೆಂಟಿಕೇಟರ್ ಆ್ಯಪ್ ಆಯ್ಕೆ ಮಾಡ್ಕೊಳ್ಳಿ. ಒಂದು ಸಲ ಕ್ಯೂಆರ್ ಸ್ಕ್ಯಾನ್ ಮಾಡಿದ್ರೆ ಒಂದು ಗುಟ್ಟಿನ ಕೀ ಫೋನ್ ಒಳಗೆ ಕೂರುತ್ತೆ. ಆ ಕೀ ಮತ್ತು ಗಡಿಯಾರ, ಇವೆರಡರಿಂದ ಪ್ರತಿ 30 ಸೆಕೆಂಡಿಗೆ ಹೊಸ ಸಂಖ್ಯೆ ಹುಟ್ಟುತ್ತೆ. ಸಿಗ್ನಲ್ ಬೇಡ, ಇಂಟರ್ನೆಟ್ಟೂ ಬೇಡ. ಸಂಖ್ಯೆ ಸರಿಯಾಗೇ ಹಾಕಿದ್ರೂ ತಪ್ಪು ಅಂತ ಬರ್ತಿದ್ರೆ ಫೋನಿನ ಸಮಯ ನೋಡಿ. ಆಟೋಮ್ಯಾಟಿಕ್ ಇಲ್ಲದೆ ಒಂದೆರಡು ನಿಮಿಷ ಹಿಂದೆಮುಂದೆ ಆಗಿದ್ರೆ ಸಂಖ್ಯೆ ಹೊಂದಲ್ಲ.

ಅದೇ ಹೊತ್ತಿಗೆ ರಿಕವರಿ ಕೋಡ್‌ಗಳನ್ನೂ ಕೊಡ್ತಾರೆ. ಅದನ್ನ ಸ್ಕ್ರೀನ್‌ಶಾಟ್ ತೆಗೆದು ಅದೇ ಫೋನಲ್ಲಿ ಇಟ್ಕೊಂಡ್ರೆ ಫೋನ್ ನೀರಿಗೆ ಬಿದ್ದಾಗ ಎರಡೂ ಒಟ್ಟಿಗೇ ಹೋಯ್ತು. ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ. ಒಂದು ಕೋಡ್ ಒಂದೇ ಸಲ ಬಳಕೆಗೆ ಬರೋದು, ಬಳಸಿದ್ದನ್ನ ಹೊಡೆದು ಹಾಕಿ.

ಗಿಟ್‌ಹಬ್ ವಿಷಯದಲ್ಲಿ ಸ್ವಲ್ಪ ನಿಲ್ಲೋಣ, ತುಂಬ ಜನ ಸಿಕ್ಕಿಕೊಳ್ಳೋದು ಇಲ್ಲೇ. ಮೊದಲನೇ ದಿನವೇ ಕೇಳಿ: "ನನ್ನ ಹಳೇ ಖಾತೆಗೇ ಆಹ್ವಾನ ಕಳಿಸ್ತೀರಾ, ಇಲ್ಲ ಕಂಪನಿಯೇ ಬೇರೆ ಖಾತೆ ಕೊಡುತ್ತಾ?" ಕಾಲೇಜಿನ ಖಾತೆಗೊಂದು, ಹೊಸದಕ್ಕೊಂದು ಅಂತ ನೀವಾಗೇ ಎರಡು ಮಾಡ್ಕೊಂಡ್ರೆ ಗೊಂದಲ ಶುರುವಾಗೋದೇ ಆಗ. ಸಂಸ್ಥೆಯ ಆಹ್ವಾನ 7 ದಿನಕ್ಕೆ ರದ್ದಾಗುತ್ತೆ, ಬಂದ ದಿನವೇ ಒಪ್ಕೊಳ್ಳಿ. ಆಮೇಲೆ ಎಸ್‌ಎಸ್‌ಎಚ್ ಕೀ ಮಾಡ್ಕೊಂಡು, `.pub` ಅಂತ ಕೊನೆಯಾಗೋ ಫೈಲಿನಲ್ಲಿ ಇರೋದನ್ನ ಮಾತ್ರ ಗಿಟ್‌ಹಬ್ ಸೆಟ್ಟಿಂಗ್ಸ್‌ಗೆ ಹಾಕಿ. ಇನ್ನೊಂದು ಫೈಲ್ ಯಾರಿಗೂ ಕಳಿಸೋ ಹಾಗಿಲ್ಲ, ಮೆಂಟರ್ ಕೇಳಿದ್ರೂ.

```
ssh-keygen -t ed25519
ssh -T git@github.com
```

ಎರಡನೇ ಸಾಲಿಗೆ ಉತ್ತರವಾಗಿ ನಿಮ್ಮ ಹೆಸರು ಹಿಡಿದು `Hi` ಅಂತ ಬರುತ್ತೆ, ಜೊತೆಗೆ `does not provide shell access` ಅಂತಲೂ ಇರುತ್ತೆ. ಅದನ್ನ ಓದಿ ಗಾಬರಿ ಬೀಳಬೇಡಿ, ಕೆಲಸ ಆಗಿದೆ ಅಂತಲೇ ಅರ್ಥ. ಆದರೆ ಅಲ್ಲಿ ಬಂದ ಹೆಸರು ಯಾವ ಖಾತೆದು ಅಂತ ಕಣ್ಣಿಟ್ಟು ನೋಡಿ.

ಈಗ ಕ್ಲೋನ್ ಮಾಡೋಕೆ ಹೋದಾಗ ಎರಡು ಥರದ ತಪ್ಪು ಬರಬಹುದು.

```
git@github.com: Permission denied (publickey).
ERROR: Repository not found.
```

ಮೊದಲನೇದು ನಿಮ್ಮ ಕಡೆಯ ತೊಂದರೆ: ಕೀ ಸೇರಿಸಿಲ್ಲ, ಅಥವಾ ಲ್ಯಾಪ್‌ಟಾಪ್ ಬೇರೆ ಕೀ ತೋರಿಸ್ತಿದೆ. ಇದಕ್ಕೆ ಯಾರನ್ನೂ ಕೇಳೋ ಮುಂಚೆ ನೀವೇ ನೋಡ್ಕೋಬಹುದು. ಎರಡನೇದು ಬಂದ್ರೆ ಕೀ ಸರಿಯಾಗಿದೆ, ಒಳಗೆ ಬಿಟ್ಟಿದ್ದಾರೆ, ಆದರೆ ಆ ರೆಪೊ ನಿಮಗೆ ಕಾಣ್ತಿಲ್ಲ. ಖಾಸಗಿ ರೆಪೊ ಇದೆ ಅನ್ನೋದನ್ನೇ ಹೊರಗಿನವರಿಗೆ ಹೇಳಬಾರದು ಅಂತ ಗಿಟ್‌ಹಬ್ "ಅನುಮತಿ ಇಲ್ಲ" ಅನ್ನೋ ಬದಲು "ಸಿಗಲಿಲ್ಲ" ಅನ್ನುತ್ತೆ. ಹೆಸರಿನ ಅಕ್ಷರ ಒಮ್ಮೆ ತಾಳೆ ನೋಡಿ. ಸರಿಯಿದ್ರೆ ಒಂದೋ ನಿಮ್ಮನ್ನ ಆ ತಂಡಕ್ಕೆ ಸೇರಿಸಿಲ್ಲ, ಇಲ್ಲ ಆಹ್ವಾನ ಹೋಗಿರೋದು ನಿಮ್ಮ ಇನ್ನೊಂದು ಖಾತೆಗೆ.

ಅದನ್ನ ಕೇಳೋದು ಹೇಗೆ? "ಸರ್, ಗಿಟ್ ವರ್ಕ್ ಆಗ್ತಿಲ್ಲ" ಅಂತ ಕಳಿಸಿದ್ರೆ ಅವರು ನಾಲ್ಕು ಪ್ರಶ್ನೆ ವಾಪಸ್ ಕೇಳ್ತಾರೆ, ಅಷ್ಟರಲ್ಲಿ ನಿಮ್ಮ ಕರೆಂಟ್ ಹೋಗಿರುತ್ತೆ. ಹೀಗೆ ಕಳಿಸಿ: "ಸರ್, ಇಂಥ ರೆಪೊ ಕ್ಲೋನ್ ಮಾಡುವಾಗ `Repository not found` ಬರ್ತಿದೆ. `ssh -T` ಮಾಡಿದ್ರೆ ನನ್ನ ಹೆಸರೇ ಬರ್ತಿದೆ. ಆಹ್ವಾನ ಒಪ್ಪಿಕೊಂಡಿದ್ದೀನಿ. ತಂಡಕ್ಕೆ ಸೇರಿಸೋದು ಬಾಕಿ ಇರಬಹುದಾ? ಯಾರನ್ನ ಕೇಳಲಿ?" ತಪ್ಪು ಸಂದೇಶವನ್ನ ಫೋಟೋ ಹೊಡೆದು ಕಳಿಸೋದಕ್ಕಿಂತ ಅಕ್ಷರವಾಗಿ ಅಂಟಿಸಿ, ಹುಡುಕೋಕೆ ಸುಲಭ. ಸರ್, ಮೇಡಂ ಅನ್ನೋದು ನಮ್ಮ ಬಾಯಿಗೆ ಬಂದೇ ಬರುತ್ತೆ. ಅಲ್ಲಿ ಎಲ್ಲರೂ ಹೆಸರು ಹಿಡಿದು ಕರೀತಿದ್ರೆ ಮೂರನೇ ದಿನಕ್ಕೆ ಅದೇ ರೂಢಿ ಆಗುತ್ತೆ.

ದೊಡ್ಡ ರೆಪೊ ಆದ್ರೆ ಇನ್ನೊಂದು ಕಾಟ ಇದೆ. ಕ್ಲೋನ್ ಅರ್ಧದಲ್ಲಿ ನಿಂತ್ರೆ ಬಿಟ್ಟಲ್ಲಿಂದ ಮುಂದುವರಿಯಲ್ಲ, ಮತ್ತೆ ಮೊದಲಿಂದ. ಜುಲೈ ಮಳೆಗೆ ಲೈನ್ ಮೇಲೆ ಮರ ಬೀಳೋ ಊರಲ್ಲಿ ಇದು ಸಣ್ಣ ಮಾತಲ್ಲ. ಅದಕ್ಕೆ ಮೊದಲು `git clone --depth 1` ಅಂತ ಕೊನೆಯ ಒಂದೇ ಕಮಿಟ್ ಇಳಿಸ್ಕೊಳ್ಳಿ, ಕೋಡ್ ಓದೋಕೆ ಅಷ್ಟು ಸಾಕು. ಹಳೆಯ ಇತಿಹಾಸವನ್ನ ಲೈನ್ ಚೆನ್ನಾಗಿರೋ ಹೊತ್ತಲ್ಲಿ `git fetch --unshallow` ಅಂತ ತರಿಸ್ಕೊಳ್ಳಿ. ರೌಟರಿಗೊಂದು ಸಣ್ಣ ಯುಪಿಎಸ್ ಹಾಕೋದಾದ್ರೆ, ಕೊಳ್ಳೋ ಮುಂಚೆ ಅಡಾಪ್ಟರ್ ಮೇಲೆ ಬರೆದಿರೋ ವೋಲ್ಟ್ ಮತ್ತು ಆಂಪಿಯರ್ ಓದಿ.

ಇತಿಹಾಸ ಪೂರ್ತಿ ಬಂದ ಮೇಲೆ ತಂಡದ ರಚನೆ ತಿಳಿಯೋಕೆ ಒಂದು ಒಳ್ಳೆ ದಾರಿ ಸಿಗುತ್ತೆ.

```
git shortlog -sn --since="3 months ago"
```

ಮೂರು ತಿಂಗಳಲ್ಲಿ ಯಾರು ಎಷ್ಟು ಕಮಿಟ್ ಹಾಕಿದ್ದಾರೆ ಅಂತ ಇದು ಸಾಲಾಗಿ ತೋರಿಸುತ್ತೆ. ಕೊನೆಯಲ್ಲಿ ಒಂದು ಫೋಲ್ಡರ್ ಹೆಸರು ಸೇರಿಸಿದ್ರೆ ಆ ಭಾಗದ್ದು ಮಾತ್ರ. ಎಚ್‌ಆರ್ ಕಳಿಸೋ ಚಾರ್ಟ್‌ನಲ್ಲಿ ಯಾರು ಯಾರ ಕೆಳಗೆ ಅಂತ ಇರುತ್ತೆ, ಲಾಗಿನ್ ಪುಟ ನಿಜವಾಗಿ ಯಾರ ಕೈಯಲ್ಲಿದೆ ಅಂತ ಇರಲ್ಲ. ಇದನ್ನ ಅಳತೆಗೋಲು ಅಂದ್ಕೋಬೇಡಿ ಮಾತ್ರ. ಟೆಸ್ಟಿಂಗ್‌ನವರು, ಡಿಸೈನ್‌ನವರು, ಕೋಡ್ ಬರೆಯದೆ ರಿವ್ಯೂ ಮಾತ್ರ ಮಾಡೋ ಲೀಡ್, ಇವರ್ಯಾರೂ ಇದರಲ್ಲಿ ಕಾಣಲ್ಲ. ಅವರ ಹೆಸರನ್ನ ಮೆಂಟರ್ ಹತ್ರ ಕೇಳಿಯೇ ಹಾಳೆಗೆ ಸೇರಿಸಬೇಕು.

ಮ್ಯಾನೇಜರ್ ಜೊತೆ ಮೊದಲ ಮಾತುಕತೆಗೆ ಪ್ರಶ್ನೆ ಕಡಿಮೆ ಇರಲಿ. ಇಂಟರ್ನ್‌ಶಿಪ್ ಮುಗಿದಾಗ ನನ್ನಿಂದ ಏನು ಕೈಗೆ ಸಿಗಬೇಕು ಅನ್ನೋದು ಮೊದಲನೇದು. ನನ್ನ ಕೋಡನ್ನ ಯಾರು ನೋಡಿ ಒಪ್ತಾರೆ, ಅವರು ರಜೆ ಇದ್ರೆ ಯಾರು? ಸಿಕ್ಕಿಕೊಂಡ್ರೆ ಎಷ್ಟು ಹೊತ್ತು ನಾನೇ ಒದ್ದಾಡಲಿ, ಅರ್ಧ ಗಂಟೆ ಸಾಕಾ? ಕರೆಂಟ್ ಹೋದಾಗ ಚಾಟ್ ಸಾಕಾ, ಫೋನ್ ಮಾಡ್ಲಾ? ಈ ಕೊನೆಯದನ್ನ ಮಳೆ ಬರೋ ಮುಂಚೆಯೇ ಹೇಳಿಬಿಡಿ. ಬೆಂಗಳೂರಲ್ಲಿ ಕೂತವರಿಗೆ ಎರಡು ದಿನ ಕರೆಂಟ್ ಇಲ್ಲ ಅಂದ್ರೆ ನೆವ ಅನ್ನಿಸಬಹುದು.

ಕಾಲೇಜಿನ ವಿಷಯಾನೂ ಅದೇ ವಾರ ಕೇಳಬೇಕು. ವರದಿಗೆ ಯಾರು ಸಹಿ ಹಾಕ್ತಾರೆ, ಡೈರಿ ಬರೀಬೇಕಿದ್ರೆ ಯಾವಾಗ ತೋರಿಸಲಿ? ನೀವು ಸಹಿ ಮಾಡಿರೋ ಗೌಪ್ಯತೆಯ ಒಪ್ಪಂದ ತೆಗೆದು, ಕೋಡ್, ಸ್ಕ್ರೀನ್‌ಶಾಟ್, ಗ್ರಾಹಕರ ಹೆಸರು ಇವುಗಳಲ್ಲಿ ವರದಿಗೆ ಯಾವುದನ್ನ ಹಾಕಬಹುದು ಅಂತ ಇಮೇಲಲ್ಲೇ ಕೇಳಿ, ಉತ್ತರ ಇಟ್ಕೊಳ್ಳಿ. ಕೊನೆಯ ವಾರ ಕೇಳಿದ್ರೆ, ಬರೆದು ಮುಗಿಸಿದ ಅಧ್ಯಾಯವನ್ನ ಪೂರ್ತಿ ಕಿತ್ತು ಮತ್ತೆ ಬರೀಬೇಕಾಗುತ್ತೆ.