ಚೊಚ್ಚಲ ಬಸುರಿಗೆ ಡಾಕ್ಟರ್ ಪತ್ರ: ಪ್ರತಿ ತಪಾಸಣಿಯೊಳಗ ಏನ್ ನೋಡ್ತೀವಿ, ತವರಿಗೆ ಹೋಗೂವಾಗ ಏನ್ ಒಯ್ಯಬೇಕು

[ಹುಬ್ಬಳ್ಳಿಯ ಒಂದು ಕ್ಲಿನಿಕ್. ಮೇಜಿನ ಮ್ಯಾಲೆ ತಾಯಿ ಕಾರ್ಡ್, ಬಿಪಿ ಮಷೀನು. ಡಾಕ್ಟರ್ ಕೈಯಾಗಿನ ಪತ್ರ ಓದ್ತಾರ.]

ನಮಸ್ಕಾರ. ನಿನ್ನೆ ನನ್ನ ಹತ್ರ ಒಬ್ಬ ಹುಡುಗಿ ಬಂದಿದ್ಲು. ಚೊಚ್ಚಲ ಬಸುರಿ, ಒಂಬತ್ತು ವಾರ. ಹೊರಗ ಪಾಳಿ ದೊಡ್ಡದಿತ್ತು, ಆಕಿ ಕೇಳಬೇಕು ಅಂದದ್ದು ಪೂರಾ ಕೇಳಲಿಕ್ಕೆ ಆಗಲಿಲ್ಲ. ರಾತ್ರಿ ಕೂತು ಆಕಿಗೊಂದು ಪತ್ರ ಬರದೆ. ಅದನ್ನ ನಿಮಗೂ ಓದ್ತೀನಿ.

ತಂಗಿ,

"ಡಾಕ್ಟರೇ, ಪ್ರತಿ ಸಲ ಬರಬೇಕೇನ್ರಿ? ಅದ ತೂಕ, ಅದ ಬಿಪಿ ನೋಡ್ತೀರಿ" ಅಂದಿ. ಖರೇ. ಪ್ರತಿ ಸಲ ಅದನ್ನ ನೋಡ್ತೀವಿ: ತೂಕ, ಬಿಪಿ, ಮೂತ್ರ, ಹೊಟ್ಟಿಯ ಬೆಳವಣಿಗಿ, ಕೂಸಿನ ಎದಿಬಡಿತ. ಒಮ್ಮೆ ನೋಡಿದ್ರ ಅದು ಬರೇ ಒಂದು ಅಂಕಿ. ನಾಲ್ಕು ಸಲದ್ದು ಸಾಲಾಗಿ ಇಟ್ಟು ನೋಡಿದಾಗ ಅದು ಮಾತಾಡ್ತದ.

ನಿನ್ನೆ ತಗೊಂಡ ರಕ್ತದಾಗ ಹಿಮೋಗ್ಲೋಬಿನ್, ರಕ್ತದ ಗುಂಪು, ಸಕ್ಕರಿ, ಥೈರಾಯ್ಡ್, ಎಚ್‌ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್ ಇಷ್ಟೂ ನೋಡ್ತಾರ. ಎಲ್ಲ ಬಸುರಿಯರಿಗೂ ಇದು ಮಾಡೋದ, ನಿನ್ನ ಮ್ಯಾಲೆ ಸಂಶಯ ಅಂತಲ್ಲ. ನಿನ್ನ ಗುಂಪು ನೆಗೆಟಿವ್ ಬಂದು, ನಿನ್ನ ಗಂಡಂದು ಪಾಸಿಟಿವ್ ಇದ್ರ 28 ವಾರಕ್ಕ ಒಂದು ಇಂಜೆಕ್ಷನ್ ಬೇಕಾಗ್ತದ. ಅದನ್ನ ಅವಾಗ ಹೇಳ್ತೀನಿ.

ಮುಂದಿನ ಭೇಟಿ 12ನೇ ವಾರಕ್ಕ, ಸ್ಕ್ಯಾನ್ ಅದ. ಆಮೇಲೆ ಕಬ್ಬಿಣದ ಗುಳಿಗಿ ಸುರು. ಅದನ್ನ ಚಹಾದ ಜೋಡಿ, ಹಾಲಿನ ಜೋಡಿ ನುಂಗಬ್ಯಾಡ. ಕ್ಯಾಲ್ಸಿಯಂ ಗುಳಿಗಿ ಬ್ಯಾರೆ ಹೊತ್ತಿಗೆ. ಮಲ ಕಪ್ಪಾದ್ರ ಅಂಜಿ ಬಿಡಬ್ಯಾಡ, ಅದು ಕಬ್ಬಿಣದ ಬಣ್ಣ. 18ರಿಂದ 20ನೇ ವಾರದಾಗ ದೊಡ್ಡ ಸ್ಕ್ಯಾನ್. ಕೂಸಿನ ಹೃದಯ, ಬೆನ್ನುಹುರಿ, ಕಿಡ್ನಿ ಒಂದೊಂದಾಗಿ ನೋಡ್ತಾರ. ಗಂಡೋ ಹೆಣ್ಣೋ ಅಂತ ನಿಮ್ಮತ್ತಿ ಕೇಳಿದ್ರು ನಿನ್ನೆ. ಅದನ್ನ ಹೇಳೋದು ಕಾನೂನಿನ ಪ್ರಕಾರ ಅಪರಾಧ, ನಾ ಹೇಳೂದಿಲ್ಲ. 24ರಿಂದ 28ನೇ ವಾರದೊಳಗ 75 ಗ್ರಾಂ ಗ್ಲೂಕೋಸ್ ನೀರಾಗ ಕಲಿಸಿ ಕುಡಿಸಿ, ಎರಡು ತಾಸಿನ ಮ್ಯಾಲೆ ರಕ್ತ ತಗೋತೀವಿ. ಸಕ್ಕರಿ 140 ಅಥವಾ ಅದಕ್ಕಿಂತ ಹೆಚ್ಚು ಬಂದ್ರ ಬಸುರಿನ ಸಕ್ಕರಿ ಕಾಯಿಲೆ ಅಂತ ಹಿಡೀತೀವಿ.

ಅಲ್ಲಿಗೆ ಏಳು ತಿಂಗಳ ಹತ್ರ ಬಂತು. ನಾ ಈ ಪತ್ರ ಬರಿಯೋದಕ್ಕ ಕಾರಣ ಇಲ್ಲೇ ಅದ.

[ಪರದೆ ಮ್ಯಾಲೆ: ಹಸಿರು ಬಳಿ ತೊಟ್ಟ ಕೈ, ಉಡಿ ತುಂಬ್ತಿರೋದು.]

ನಮ್ಮ ಕಡೆ ಕುಬಸ ಮಾಡಿ, ಉಡಿ ತುಂಬಿ, ಚೊಚ್ಚಲ ಹೆರಿಗಿಗೆ ತವರಿಗೆ ಕಳಸ್ತಾರ. ಹೋಗು, ನಾ ಬ್ಯಾಡನ್ನೂದಿಲ್ಲ. ಅವ್ವನ ಹತ್ರ ಇದ್ದಷ್ಟು ಆರಾಮ ಬ್ಯಾರೆ ಎಲ್ಲಿ ಸಿಗ್ತದ? ಆದ್ರ 28 ವಾರದ ತನಕ ತಿಂಗಳಿಗೊಮ್ಮೆ ಇದ್ದ ತಪಾಸಣಿ ಅಲ್ಲಿಂದ ಮುಂದ ಹದಿನೈದು ದಿನಕ್ಕೊಮ್ಮೆ ಆಗ್ತದ, 36 ಆದ ಮ್ಯಾಲೆ ವಾರಕ್ಕೊಮ್ಮೆ. ಬಸುರಿನ ಬಿಪಿ ಹೆಚ್ಚಾಗಿ ತಲಿ ಎತ್ತೋದು ಈ ಕಡೀ ಮೂರು ತಿಂಗಳದಾಗ. ಅದೂ ಚೊಚ್ಚಲದವರಿಗೆ ಹೆಚ್ಚು. ಇಂಥ ಹೊತ್ತಿನಾಗ ಡಾಕ್ಟರ್ ಬದಲಾಗ್ತಾರ, ಊರು ಬದಲಾಗ್ತದ.

ಒಬ್ಬಾಕಿ ಕಥಿ ಹೇಳ್ತೀನಿ. ತವರು ಗದಗ ಜಿಲ್ಲಾದಾಗ, ಗಂಡನ ಮನಿ ಇಲ್ಲೇ. ಹತ್ತನೇ ವಾರಕ್ಕ ಆಕಿ ಬಿಪಿ 112/70 ಇತ್ತು. 20ನೇ ವಾರಕ್ಕ 104/64. ನಡು ತಿಂಗಳದಾಗ ಬಿಪಿ ಒಂಚೂರು ಇಳಿಯೋದು ಸಹಜ. 28ಕ್ಕ 116/74, ಮೂತ್ರ ಸ್ವಚ್ಛ. ಕುಬಸ ಆತು, ತವರಿಗೆ ಹೋದ್ಲು. ತಾಯಿ ಕಾರ್ಡ್ ಗಂಡನ ಮನಿ ಟ್ರೆಜರಿಯೊಳಗ ಸೀರಿ ಕೆಳಗ ಉಳೀತು.

33ನೇ ವಾರಕ್ಕ ತವರೂರಿನ ಹತ್ರದ ಒಂದು ದವಾಖಾನಿಗೆ ಹೋದ್ಲು. ಬಿಪಿ 134/86. 140/90 ದಾಟಿಲ್ಲ, "ನಾರ್ಮಲ್ ಅದ" ಅಂದ್ರು. ಮೊದಲಿಂದು ಗೊತ್ತಿಲ್ಲದವರಿಗೆ ಅದು ನಾರ್ಮಲ್ ಅಂತನ ಕಾಣ್ತದ. ಕಾರ್ಡ್ ಮುಂದಿದ್ದಿದ್ರ 104ರಿಂದ 134ಕ್ಕ ಏರಿದ್ದು ಕಣ್ಣಿಗೆ ಹೊಡೀತಿತ್ತು. ಅಷ್ಟು ಏರಿದ ಮಾತ್ರಕ್ಕ ಕಾಯಿಲೆ ಅಂತ ಹೆಸರಿಡೂದಿಲ್ಲ, ಆದ್ರ ಅಂಥಾಕಿನ್ನ ಹದಿನೈದು ದಿನ ಬಿಟ್ಟು ಬಾ ಅನ್ನೂದಿಲ್ಲ, ಮೂರ್ನಾಲ್ಕು ದಿನದಾಗ ಮತ್ತ ಕರೀತೀವಿ. ಮೂತ್ರ ಅಂತೂ ಅವತ್ತ ನೋಡಬೇಕಿತ್ತು, ನೋಡಲಿಲ್ಲ. ಸಂಡಾಸದ ಮುಂದ ಪಾಳಿ ಇತ್ತಂತ, ಆಕಿನೂ ಬಿಟ್ಟು ಬಂದ್ಲು.

ಎರಡು ವಾರಕ್ಕ ರಾತ್ರಿ ತಲಿ ಸಿಡೀಲಿಕ್ಕೆ ಹತ್ತಿತು. ಎದಿಗುಂಡಿಗಿ ಕೆಳಗ, ಬಲಗಡೆ ನೋವು. ಮನಿಯವರು ಗ್ಯಾಸ್ ಅಂತ ತಿಳದು ಸೋಡಾ ಕುಡಿಸಿದ್ರು. ಬೆಳಿಗ್ಗೆ ಬಳಿ ಕೈಯಾಗ ತಿರುಗವಲ್ಲವು, ಮಾರಿ ಉಬ್ಬಿತ್ತು. ಅವರವ್ವ ಅದನ್ನ ನೋಡಿ ಗಾಡಿ ಮಾಡಿಸಿ ನನ್ನ ಹತ್ರ ಕರಕೊಂಡು ಬಂದ್ಲು. ಬಿಪಿ 162/112. ಮೂತ್ರದ ಪಟ್ಟಿ ಅದ್ದಿದ ಕೂಡ್ಲೆ ಹಳದಿ ಇದ್ದದ್ದು ದಟ್ಟ ಹಸಿರಾತು, ಪ್ರೋಟೀನು ಮೂರು ಪ್ಲಸ್, ಅಂದ್ರ ಮೂತ್ರದಾಗ ಬಹಳ ಪ್ರೋಟೀನು ಹೊಂಟಿತ್ತು. ಫಿಟ್ಸ್ ಬರಬಾರದು ಅಂತ ಮ್ಯಾಗ್ನೀಸಿಯಂ ಕೊಟ್ವಿ, ಬಿಪಿ ಇಳಿಸಿ ಅವತ್ತ ಹೆರಿಗಿ ಮಾಡಿಸಿದ್ವಿ. ಕೂಸು 1.9 ಕೆಜಿ, ಹನ್ನೊಂದು ದಿನ ಗಾಜಿನ ಪೆಟ್ಟಿಗಿಯೊಳಗಿತ್ತು. ಈಗ ತಾಯಿ ಕೂಸು ಇಬ್ರೂ ಆರಾಮ ಇದ್ದಾರ. ಆದ್ರ ಆ ಹನ್ನೊಂದು ದಿನ ಆಕಿ ಕಾರಿಡಾರ್‌ನಾಗ ಕೂತಿದ್ದು ನಾ ಮರತಿಲ್ಲ.

[ಬಿಪಿ ಪಟ್ಟಿ ಕಟ್ಟೋದು ಹತ್ತಿರದಿಂದ.]

ಅದಕ್ಕ ಬಿಪಿ ನೋಡೂವಾಗ ನಿನ್ನ ಕೆಲಸಾನೂ ಅದ. ಮೆಟ್ಟಲ ಏರಿ ಬಂದ ಕೂಡ್ಲೆ ಕೈ ಚಾಚಬ್ಯಾಡ, ಐದು ನಿಮಿಷ ಬೆನ್ನಿಗೆ ಆಸರ ಕೊಟ್ಟು, ಕಾಲ ನೆಲಕ್ಕ ಊರಿ ಸುಮ್ಮನ ಕೂಡು. ತೋಳು ಎದಿಯ ಮಟ್ಟಕ್ಕ ಇರಲಿ, ಪಟ್ಟಿ ಸೀರಿ ಮ್ಯಾಲೆ, ಕುಪ್ಪಸದ ತೋಳಿನ ಮ್ಯಾಲೆ ಕಟ್ಟಿಸಿಕೋಬ್ಯಾಡ. ತೋಳು ದಪ್ಪ ಇದ್ರ ದೊಡ್ಡ ಪಟ್ಟಿ ಕೇಳು, ಸಣ್ಣದು ಕಟ್ಟಿದ್ರ ಬಿಪಿ ಸುಳ್ಳ ಹೆಚ್ಚು ತೋರಿಸ್ತದ. ಎಷ್ಟು ಬಂತು ಅಂತ ಕೇಳು, "ನಾರ್ಮಲ್" ಅಂದ್ರ ಸಾಲದು, ಅಂಕಿ ಕಾರ್ಡಿನ್ಯಾಗ ಬರಸು. 140/90 ಅಥವಾ ಹೆಚ್ಚು ಬಂದ್ರ ಅದನ್ನ ಮತ್ತ ಅಳತಿ ಮಾಡಬೇಕು, ಮೂತ್ರ, ರಕ್ತ ನೋಡಬೇಕು. ಮೂತ್ರ ಕೊಡೂವಾಗ ಮೊದಲಿನ ಸ್ವಲ್ಪ ಬಿಟ್ಟು ನಡುವಿಂದು ಹಿಡಿ. ಬಿಳಿ ಸೆರಗು ಹೋಗಿದ್ದು ಕೂಡಿದ್ರ ಪಟ್ಟಿ ತಪ್ಪು ಹೇಳಬಹುದು.

ಸಂಜೀಮುಂದ ಕಾಲು ಬಾಯೋದು ಬಹಳ ಮಂದಿಗೆ ಇರ್ತದ, ರಾತ್ರಿ ಮಲಗಿ ಎದ್ರ ಇಳೀತದ. ಮಾರಿ, ಕೈ ಬಾತ್ರ, ಒಂದು ವಾರದಾಗ ತೂಕ ಕೆಜಿಗಿಂತ ಮ್ಯಾಲೆ ಏರಿದ್ರ, ತಲಿನೋವು ಗುಳಿಗಿಗೂ ಇಳೀದಿದ್ರ, ಕಣ್ಣ ಮುಂದ ಮಿಂಚು ಬಂದ್ರ, ಎದಿಗುಂಡಿಗಿ ಕೆಳಗ ನೋವಾದ್ರ, ಕೂಸಿನ ಓಡಾಟ ಕಡಿಮಿ ಆದ್ರ ಮುಂದಿನ ತಾರೀಖಿನ ಹಾದಿ ಕಾಯಬ್ಯಾಡ. ಅರ್ಧ ರಾತ್ರಿ ಆದ್ರೂ 108ಕ್ಕ ಫೋನ್ ಮಾಡು. ಕಾರ್ಡ್ ಕೈಯಾಗಿರಲಿ.

ತವರಿಗೆ ಹೋಗೂ ಮೊದಲ ಒಂದು ಸಲ ನನ್ನ ಹತ್ರ ಬಾ. ಅಲ್ಲಿ ಯಾರು ನೋಡ್ತಾರ, ರಾತ್ರಿ ಹೆರಿಗಿ, ಆಪರೇಷನ್ ಮಾಡುವ ಸೌಕರ್ಯ ಎಲ್ಲಿ ಅದ ಅನ್ನೋದು ನಿಮ್ಮವ್ವನ್ನ ಕೂಡಿಸಿಕೊಂಡು ಗೊತ್ತು ಮಾಡೋಣ. ಸರ್ಕಾರಿ ದವಾಖಾನಿಯೊಳಗ ಪ್ರತಿ ತಿಂಗಳ 9ನೇ ತಾರೀಖಿಗೆ ಬಸುರಿಯರನ್ನ ಡಾಕ್ಟರು ರೊಕ್ಕ ಇಲ್ಲದ ನೋಡ್ತಾರ, ಆ ದಿನಾನೂ ಉಪಯೋಗ ಮಾಡ್ಕೋ. ಹಳೀ ಸ್ಕ್ಯಾನ್ ಕಾಗದ, ರಕ್ತದ ರಿಪೋರ್ಟು ಎಲ್ಲಾ ಒಂದ ಕೈಚೀಲದಾಗ ಹಾಕು. ಕಾರ್ಡಿನ ಬಿಪಿ ಬರದ ಪುಟ ಫೋನಿನ್ಯಾಗ ಫೋಟೊ ತಗೊಂಡು ನಿನ್ನ ಗಂಡಗೂ ಅವ್ವಗೂ ಕಳಸು.

12ನೇ ವಾರದ ಸ್ಕ್ಯಾನಿಗೆ ಮೂರು ವಾರ ಅದ. ಬರೂವಾಗ ನೀರು ಕುಡದು ಬಾ, ಮತ್ತ ಅತ್ತಿಯವರನ್ನೂ ಕರಕೊಂಡು ಬಾ. ಬಿಪಿ ಅಂಕಿ ಎಲ್ಲಿ ಬರಿತೀವಿ ಅಂತ ಅವರಿಗೂ ತೋರಿಸ್ತೀನಿ.

ನಿನ್ನ ಡಾಕ್ಟರ್