ಪೆನ್ ಡ್ರೈವ್ ‘ಫಾರ್ಮ್ಯಾಟ್ ಮಾಡಿ’ ಅಂದಾಗ ಮೊದಲು ನೋಡಬೇಕಾದ ಜಾಗ

ಮೇಜಿನ ಮೇಲೆ ಎರಡು ಪೆನ್ ಡ್ರೈವ್ ಇವೆ, ನೋಡಿ. ಕೆಂಪು ಬಣ್ಣದ್ದು ನಮ್ಮ ಚಿಕ್ಕಮ್ಮನದು, 32 ಜಿಬಿ, ಒಳಗೆ ಅವರ ಮಗಳ ಮದುವೆ ಫೋಟೋಗಳಿವೆ. ಕಪ್ಪು ಬಣ್ಣದ್ದು ನನ್ನ ಹಳೆಯ 16 ಜಿಬಿ. ಎರಡೂ ಕೆಟ್ಟಿವೆ. ಆದರೆ ಕೆಟ್ಟಿರುವ ರೀತಿ ಬೇರೆ ಬೇರೆ.

ಚಿಕ್ಕಮ್ಮ ಟಿವಿಯಲ್ಲಿ ಫೋಟೋ ನೋಡುತ್ತಿದ್ದರು. ಊಟಕ್ಕೆ ಕರೆದರು ಅಂತ ಹಾಗೇ ಕಿತ್ತು ತೆಗೆದಿಟ್ಟರಂತೆ. ಮರುದಿನ ಲ್ಯಾಪ್‌ಟಾಪ್‌ಗೆ ಹಾಕಿದರೆ `You need to format the disk in drive E: before you can use it` ಅಂತ ಬಂತು. "ಫಾರ್ಮ್ಯಾಟ್ ಒತ್ತಲಾ?" ಅಂತ ಫೋನ್ ಮಾಡಿದರು. ಬೇಡ ಚಿಕ್ಕಮ್ಮ, ಕ್ಯಾನ್ಸಲ್ ಕೊಟ್ಟು ನನಗೆ ತಂದುಕೊಡಿ ಅಂದೆ.

ಸುಮ್ನೆ ಫೋಟೋ ನೋಡಿದರೆ ಹೇಗೆ ಕೆಡುತ್ತದೆ ಅಂತ ನಿಮಗೂ ಅನಿಸಬಹುದು. ನಾವು ನೋಡುತ್ತಿದ್ದರೂ ಟಿವಿ ಅದರ ಮೇಲೆ ಬರೆಯುತ್ತಿರಬಹುದು. `LOST.DIR` ಅನ್ನೋ ಫೋಲ್ಡರ್ ನೋಡಿರುತ್ತೀರಿ ಅಲ್ವಾ, ಅದು ಆಂಡ್ರಾಯ್ಡ್ ಬರೆದಿಟ್ಟದ್ದು. ಬರೆಯುವಾಗಲೇ ಕಿತ್ತರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ.

ಈಗ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡೋಣ. ಬಳಸಿದ್ದು 0 ಬೈಟ್, ಖಾಲಿ 0 ಬೈಟ್. ಇದನ್ನು ನೋಡಿಯೇ ಎಷ್ಟೋ ಜನ ಎಲ್ಲಾ ಹೋಯ್ತು ಅಂದುಕೊಳ್ಳುತ್ತಾರೆ. ಈ ಸೊನ್ನೆಯನ್ನು ನಂಬಬೇಡಿ, ಯಾಕಂದರೆ ಫೈಲ್ ಸಿಸ್ಟಮ್ ಓದಲು ಬಾರದಿದ್ದರೆ ವಿಂಡೋಸ್ ಇಲ್ಲಿ ಹೇಗಿದ್ದರೂ ಸೊನ್ನೆಯನ್ನೇ ತೋರಿಸುತ್ತದೆ. ನಿಜ ಗೊತ್ತಾಗುವುದು ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಸಿಗುತ್ತದೆ.

ಕೆಂಪು ಡ್ರೈವ್‌ಗೆ ಇಲ್ಲಿ 29 ಜಿಬಿ ಚಿಲ್ಲರೆ ಅಂತಿದೆ, ಪಕ್ಕದಲ್ಲಿ `RAW`, ಅಂದರೆ ಫೈಲ್ ಸಿಸ್ಟಮ್ ಗುರುತು ಸಿಗಲಿಲ್ಲ ಅಂತ. 32 ಜಿಬಿ ಡ್ರೈವ್ ವಿಂಡೋಸ್ ಲೆಕ್ಕದಲ್ಲಿ ಅಷ್ಟೇ ಬರುತ್ತದೆ, ಹಾಗಾಗಿ ಅಳತೆ ಸರಿಯಾಗಿದೆ. ಅಂದರೆ ಚಿಪ್ ಕೆಲಸ ಮಾಡುತ್ತಿದೆ, ಹಾಳಾಗಿರುವುದು ಮೇಲಿನ ಬರಹ ಮಾತ್ರ. ಮನೆ ಸಾಮಾನು ಎಲ್ಲಾ ಒಳಗೇ ಇದೆ, ಬಾಗಿಲ ನಂಬರ್ ಅಳಿಸಿದೆ ಅಷ್ಟೇ.

ಈ ಡ್ರೈವ್ ಫ್ಯಾಟ್32 ಅನ್ನೋ ಫೈಲ್ ಸಿಸ್ಟಮ್‌ನಲ್ಲಿದೆ. ಡ್ರೈವ್‌ನ ಜಾಗವನ್ನು ಸೆಕ್ಟರ್ ಅನ್ನೋ ಚಿಕ್ಕ ತುಂಡುಗಳಾಗಿ ಎಣಿಸುತ್ತಾರೆ, ಫ್ಯಾಟ್32ನ ಮೊದಲ ಸೆಕ್ಟರ್ ಅನ್ನು ಬೂಟ್ ಸೆಕ್ಟರ್ ಅಂತಾರೆ, ಡ್ರೈವ್ ಒಳಗೆ ಏನು ಎಲ್ಲಿಂದ ಶುರು ಅನ್ನೋದು ಅಲ್ಲಿ ಬರೆದಿರುತ್ತದೆ. ಅದರದೇ ಒಂದು ನಕಲು ಸಾಮಾನ್ಯವಾಗಿ 6ನೇ ಸೆಕ್ಟರ್‌ನಲ್ಲಿ ಇರುತ್ತದೆ. ನಮಗೆ ಬೇಕಾದ್ದು ಆ ನಕಲು. ಟೆಸ್ಟ್‌ಡಿಸ್ಕ್ ಅನ್ನೋ ಉಚಿತ ತಂತ್ರಾಂಶ ತೆರೆದು, ಡ್ರೈವ್ ಆರಿಸಿ, `Advanced` ಒಳಗೆ ಹೋದೆ. ಮೊದಲು `Image Creation` ಕೊಟ್ಟು ಪೂರ್ತಿ ನಕಲು ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡೆ. ಅದಕ್ಕೆ 30 ಜಿಬಿಯಷ್ಟು ಜಾಗ ಬೇಕು, ಸಮಯವೂ ಹಿಡಿಯಿತು, ಆದರೆ ಅದಿಲ್ಲದೆ ಮದುವೆ ಫೋಟೋ ಇರುವ ಡ್ರೈವ್ ಮೇಲೆ ನಾನು ಕೈ ಹಾಕಲ್ಲ. ಆಮೇಲೆ `Boot` ಒತ್ತಿದರೆ ನೋಡಿ, ಬೂಟ್ ಸೆಕ್ಟರ್ `Bad`, ನಕಲು `OK`. `Backup BS` ಕೊಟ್ಟೆ, ನಕಲು ಮೊದಲನೆಯದರ ಮೇಲೆ ಕೂತಿತು. ಡ್ರೈವ್ ತೆಗೆದು ಮತ್ತೆ ಹಾಕಿದರೆ ಅರಿಶಿನ ಶಾಸ್ತ್ರ, ಧಾರೆ, ರಿಸೆಪ್ಷನ್, ಮೂರೂ ಫೋಲ್ಡರ್ ಬಂದವು!

ನಕಲೂ `Bad` ಅಂತ ಬಂದರೆ ಜೊತೆಗೇ ಬರುವ ಫೋಟೋರೆಕ್ ಇದೆ. ಅದು ಫೋಟೋಗಳನ್ನು ಹುಡುಕಿ ತೆಗೆಯುತ್ತದೆ, ಆದರೆ ಹೆಸರು, ಫೋಲ್ಡರ್ ಉಳಿಯಲ್ಲ.

ಈಗ ಕಪ್ಪು ಡ್ರೈವ್. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಅಳತೆಯೇ ಇಲ್ಲ, `No Media` ಅಂತಿದೆ. ಕಮಾಂಡ್‌ನಲ್ಲೂ ನೋಡಬಹುದು:

```
diskpart
list disk
```

ಇಲ್ಲಿ `0 B` ಬಂತು. ಇದು ನಿಜವಾದ ಸೊನ್ನೆ. ಕವಚ ಬಿಚ್ಚಿದ್ದೇನೆ, ಹತ್ತಿರದಿಂದ ನೋಡಿ. ಹೆಬ್ಬೆರಳಷ್ಟು ಬೋರ್ಡ್, ಮೇಲೆ ಎರಡು ಕಪ್ಪು ಚಿಪ್. ದೊಡ್ಡದು ಮೆಮೊರಿ, ಡೇಟಾ ಇರುವುದು ಅದರಲ್ಲಿ. ಚಿಕ್ಕದು ಕಂಟ್ರೋಲರ್. ಯಾವ ಡೇಟಾ ಮೆಮೊರಿಯ ಯಾವ ಮೂಲೆಯಲ್ಲಿದೆ ಅನ್ನೋ ಪಟ್ಟಿಯನ್ನು ಕಂಟ್ರೋಲರ್ ಇಟ್ಟುಕೊಂಡಿರುತ್ತದೆ, ಆ ಪಟ್ಟಿ ಇರುವುದೂ ಮೆಮೊರಿಯಲ್ಲೇ. ಬೆಸುಗೆ ಬಿಟ್ಟರೆ, ಮೆಮೊರಿ ಸವೆದರೆ, ಅಥವಾ ಪಟ್ಟಿ ತಿದ್ದುವಾಗ ಕರೆಂಟ್ ತಪ್ಪಿದರೆ ಕಂಟ್ರೋಲರ್‌ಗೆ ಆ ಪಟ್ಟಿ ಸಿಗುವುದಿಲ್ಲ. ಆಗ ಕಂಪ್ಯೂಟರ್ ಕೇಳಿದ್ದಕ್ಕೆ ಕಂಟ್ರೋಲರ್ "ನಾನಿದ್ದೀನಿ" ಅನ್ನುತ್ತದೆ, ಎಷ್ಟು ಜಾಗ ಇದೆ ಅಂದರೆ ಸೊನ್ನೆ ಅನ್ನುತ್ತದೆ.

ಇದಕ್ಕೆ ಟೆಸ್ಟ್‌ಡಿಸ್ಕ್ ಏನೂ ಮಾಡಲಾಗದು, ಓದೋಕೆ ಒಂದು ಸೆಕ್ಟರ್ ಕೂಡ ಇಲ್ಲ. ಕಂಟ್ರೋಲರ್ ಕಂಪನಿಗಳ ರಿಪೇರಿ ಟೂಲ್ ಹಾಕಿ ಅಂತ ಕೆಲವರು ಹೇಳುತ್ತಾರೆ, ಅದು ಹೊಸ ಪಟ್ಟಿ ಬರೆದು ಡ್ರೈವ್ ಬದುಕಿಸಬಹುದು, ಆದರೆ ಹಳೆಯ ಡೇಟಾ ಹೋಗುತ್ತದೆ. ಡೇಟಾನೇ ಬೇಕು ಅಂದರೆ ಡೇಟಾ ರಿಕವರಿ ಲ್ಯಾಬ್‌ನಲ್ಲಿ ಮೆಮೊರಿ ಚಿಪ್ ಬಿಡಿಸಿ ನೇರವಾಗಿ ಓದಿಸಬೇಕು, ಖರ್ಚು ಜಾಸ್ತಿ. ನನ್ನದರಲ್ಲಿ ಇದ್ದದ್ದು ಹಾಡುಗಳು, ಹಾಗಾಗಿ ಬಿಟ್ಟೆ. ಚಿಕ್ಕಮ್ಮನ ಫೋಟೋಗಳನ್ನು ಹೊಸ ಡ್ರೈವ್‌ಗೆ ಹಾಕಿದ್ದೇನೆ, ಇನ್ನೊಂದು ಪ್ರತಿ ನನ್ನ ಹಾರ್ಡ್ ಡಿಸ್ಕ್‌ನಲ್ಲಿದೆ, ಸಂಜೆ ಹೋಗಿ ಕೊಟ್ಟು ಬರುತ್ತೇನೆ.